ಗೆದ್ದ ಸ್ಕೂಟರ್‌ಗೆ ನಾವೇ ಟ್ಯಾಕ್ಸ್ ಕಟ್ಟಬೇಕಾ?

"ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದ್ತಿದ್ದೀನಿ. 2026ರ ಜನವರಿಯಲ್ಲಿ ಒಂದು ಕ್ವಿಜ್‌ನಲ್ಲಿ 90,000 ರೂಪಾಯಿ ಸ್ಕೂಟರ್ ಮತ್ತೆ 25,000 ಕ್ಯಾಶ್ ಗೆದ್ದೆ. ಈಗ ಕ್ಯಾಶ್ ಪೂರ್ತಿ ಟಿಡಿಎಸ್‌ಗೆ ಹೋಯ್ತು, ಇನ್ನೂ 9,500 ಕಟ್ಟಿದ್ರೇ ಗಾಡಿ ಕೊಡ್ತೀವಿ ಅಂತಿದ್ದಾರೆ. ಇದು ಮೋಸನಾ? ನನಗೆ ಬೇರೆ ಆದಾಯವೇ ಇಲ್ಲ. ಅಪ್ಪನ ಕಾಫಿ ತೋಟದ ಲೆಕ್ಕಕ್ಕೆ ಸೇರಿಸಿದ್ರೆ ಆಗಲ್ವಾ?"

ಮೊದಲು ಅಭಿನಂದನೆ. ನೀವು ಹೇಳಿದ ಅಂಕಿಗಳನ್ನು ನೋಡಿದರೆ ಅವರ ಲೆಕ್ಕ ಸರಿಯಾಗೇ ಇದೆ. ನಾನು ಹಾಸನದಲ್ಲಿ ರಿಟರ್ನ್ ಫೈಲ್ ಮಾಡುವ ಕೆಲಸದಲ್ಲಿದ್ದೇನೆ, ಇಂಥ ಕೇಸು ಆಗಾಗ ಬರುತ್ತದೆ. ಬಂದವರೆಲ್ಲ ಇದೇ ಜಾಗದಲ್ಲಿ ಗಾಬರಿಯಾಗುತ್ತಾರೆ, ಯಾಕೆಂದರೆ ಕೈಗೆ ಒಂದು ರೂಪಾಯಿ ಬರುವ ಮುಂಚೆ ಕೈಯಿಂದಲೇ ದುಡ್ಡು ಕೇಳುತ್ತಾರಲ್ಲ.

ಕ್ವಿಜ್ ಆಗಲಿ, ಲಾಟರಿ ಆಗಲಿ, ಟಿವಿ ಗೇಮ್ ಶೋ ಆಗಲಿ, ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರು 30% ಟಿಡಿಎಸ್ ಹಿಡಿಯಲೇಬೇಕು. ನಿಮ್ಮ ಗೆಲುವಿಗೆ ಅನ್ವಯಿಸುವುದು 1961ರ ಆದಾಯ ತೆರಿಗೆ ಕಾಯ್ದೆಯ 194B ಸೆಕ್ಷನ್. 10,000 ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬಹುಮಾನಕ್ಕೆ. ವಸ್ತು ಕೊಟ್ಟರೆ ಅದರ ಬೆಲೆಯೂ ಬಹುಮಾನವೇ. ನಿಮ್ಮದು 90,000 ಮತ್ತು 25,000, ಒಟ್ಟು 1,15,000. ಅದರ 30% ಅಂದರೆ 34,500. ಸ್ಕೂಟರ್‌ನಿಂದ ಒಂದು ಚಕ್ರ ಬಿಚ್ಚಿ ಸರ್ಕಾರಕ್ಕೆ ಕೊಡೋಕೆ ಆಗಲ್ಲ, ಹಾಗಾಗಿ ಕ್ಯಾಶ್ 25,000ವನ್ನು ಪೂರ್ತಿ ಹಿಡಿದಿದ್ದಾರೆ. ಉಳಿದದ್ದು 9,500. ಕ್ಯಾಶ್ ಸಾಲದೇ ಹೋದಾಗ, ಬಾಕಿ ತೆರಿಗೆ ಕಟ್ಟಿದ್ದು ಖಾತ್ರಿ ಆಗುವವರೆಗೆ ವಸ್ತುವನ್ನು ಬಿಟ್ಟುಕೊಡಬಾರದು ಅಂತ ಅದೇ ಸೆಕ್ಷನ್ ಹೇಳುತ್ತದೆ. ಅವರು ಗಾಡಿ ತಡೆಹಿಡಿದಿರೋದು ಅದಕ್ಕೇ.

ಆದರೆ ಆ 9,500 ಎಲ್ಲಿಗೆ ಹೋಗುತ್ತದೆ ಅನ್ನೋದು ಮುಖ್ಯ. ಯಾರದ್ದೋ ಫೋನ್ ನಂಬರಿಗೆ ಯುಪಿಐ ಮಾಡಿ ಅಂದರೆ ಮಾಡಬೇಡಿ. ನೀವೇ ನೇರವಾಗಿ ಸರ್ಕಾರಕ್ಕೆ ಕಟ್ಟಬಹುದು, ಅದೇ ಒಳ್ಳೆಯದು. ಆದಾಯ ತೆರಿಗೆ ಇಲಾಖೆಯ incometax.gov.in ತೆರೆದರೆ ಮೊದಲ ಪುಟದಲ್ಲೇ `e-Pay Tax` ಇರುತ್ತದೆ. ಲಾಗಿನ್ ಕೂಡ ಬೇಡ, ನಿಮ್ಮ ಪ್ಯಾನ್ ನಂಬರ್ ಮತ್ತು ಮೊಬೈಲಿಗೆ ಬರುವ ಒಟಿಪಿ ಸಾಕು. ಅಲ್ಲಿ `Income Tax` ಆರಿಸಿ, ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ವರ್ಷದ ಮುಂದಿನ ವರ್ಷ, `2026-27` ಹಾಕಿ, ತೆರಿಗೆಯ ಬಗೆಯಲ್ಲಿ `Advance Tax (100)` ಹಾಕಿ. ವರ್ಷದ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಗೆದ್ದದ್ದು 2025-26ರಲ್ಲಿ ಅಂತ ಅದನ್ನೇ ಒತ್ತಿಬಿಡುತ್ತಾರೆ, ಆಗ ದುಡ್ಡು ಹಿಂದಿನ ವರ್ಷದ ಖಾತೆಗೆ ಹೋಗಿ ಕೂರುತ್ತದೆ. ಮಾರ್ಚ್ 31ರ ಒಳಗೆ ಕಟ್ಟಿ. ಆಮೇಲೆ ಸಿಗುವ ಚಲನ್‌ನಲ್ಲಿ ನಿಮ್ಮ ಪ್ಯಾನ್, ಬ್ಯಾಂಕಿನ ಬಿಎಸ್‌ಆರ್ ಕೋಡ್, ಚಲನ್ ನಂಬರ್, ತಾರೀಖು ಎಲ್ಲ ಇರುತ್ತದೆ. ಅದರ ಒಂದು ಪ್ರತಿ ಅವರಿಗೆ ಕೊಡಿ, ಗಾಡಿ ತಗೊಳ್ಳಿ.

ಅವರು ಹಿಡಿದ 25,000 ನಿಜವಾಗಿ ಕಟ್ಟಿದ್ದಾರಾ ಅಂತ ನೋಡೋಕೆ ಫಾರಂ 26AS ಇದೆ. ಪೋರ್ಟಲ್‌ಗೆ ಲಾಗಿನ್ ಆದರೆ ಸಿಗುತ್ತದೆ. ಆದರೆ ನಾಳೆಯೇ ಹುಡುಕಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ಲೆಕ್ಕ ಸಲ್ಲಿಸೋಕೆ ಅವರಿಗೆ ಮೇ 31ರವರೆಗೆ ಸಮಯ ಇರುತ್ತದೆ, ಅದಾದ ಮೇಲೆ ಕಾಣಿಸುತ್ತದೆ. ಜೂನ್ ಕೊನೆಗೂ ಬಂದಿಲ್ಲ ಅಂದರೆ ಅವರ ಬಳಿ ಹೋಗಿ ಟಿಡಿಎಸ್ ಹಿಡಿದದ್ದರ ಪ್ರಮಾಣಪತ್ರ ಫಾರಂ 16A ಕೇಳಿ, ಪ್ಯಾನ್ ತಪ್ಪಾಗಿ ಹಾಕಿದ್ದಾರಾ ಅಂತಲೂ ನೋಡಿ. ನಮ್ಮ ಕಡೆ ಪ್ಯಾನ್‌ನ ಒಂದು ಅಕ್ಷರ ಆಚೆ ಈಚೆ ಆಗಿ ತಿಂಗಳುಗಟ್ಟಲೆ ಓಡಾಡಿದವರಿದ್ದಾರೆ.

ಇನ್ನು ನಿಮ್ಮ ಎರಡನೇ ಮಾತು, ಆದಾಯವೇ ಇಲ್ಲ ಅಂತ. ಸಂಬಳ ಅಥವಾ ಟ್ಯೂಷನ್ ದುಡ್ಡಾಗಿದ್ದರೆ ಇಷ್ಟು ಕಡಿಮೆಗೆ ತೆರಿಗೆಯೇ ಬರುತ್ತಿರಲಿಲ್ಲ. ಬಹುಮಾನದ ದುಡ್ಡಿಗೆ ಆ ಮೂಲ ವಿನಾಯಿತಿ ಸಿಗಲ್ಲ, ಮೊದಲ ರೂಪಾಯಿಯಿಂದಲೇ 30%. ಅದರ ಮೇಲೆ 4% ಸೆಸ್. ಟಿಡಿಎಸ್ ಹಿಡಿಯುವಾಗ ಸೆಸ್ ಸೇರಿಸಿರೋದಿಲ್ಲ, ಅದಕ್ಕೇ 34,500 ಕಟ್ಟಿದ ಮೇಲೂ ರಿಟರ್ನ್‌ನಲ್ಲಿ 1,380 ಬಾಕಿ ತೋರಿಸುತ್ತದೆ. ಪೂರ್ತಿ ತೆರಿಗೆ 35,880.

ಆದರೆ ಇದು ಹೊಸ ತೆರಿಗೆ ಪದ್ಧತಿಯ ಲೆಕ್ಕ. ಏನೂ ಆರಿಸದೇ ಬಿಟ್ಟರೆ ಸಿಗೋದು ಅದೇ, ಅದರಲ್ಲಿ ಬಹುಮಾನದ ತೆರಿಗೆಗೆ 87A ರಿಬೇಟ್, ಅಂದರೆ ಕಡಿಮೆ ಆದಾಯದವರಿಗೆ ತೆರಿಗೆಯಲ್ಲಿ ಸಿಗುವ ಕಡಿತ, ಇಲ್ಲ. ಹಳೇ ಪದ್ಧತಿಯಲ್ಲಿ ಹಾಗಲ್ಲ. ಒಟ್ಟು ಆದಾಯ 5 ಲಕ್ಷ ದಾಟದಿದ್ದರೆ 12,500ರವರೆಗೆ ರಿಬೇಟ್ ಸಿಗುತ್ತದೆ, ಬಹುಮಾನದ ತೆರಿಗೆಗೂ ಅದು ಅನ್ವಯಿಸುತ್ತದೆ. ನಿಮ್ಮದನ್ನೇ ಹಾಕಿ ನೋಡಿ. 34,500ರಲ್ಲಿ 12,500 ಹೋದರೆ 22,000, ಸೆಸ್ 880 ಸೇರಿ 22,880. ನಿಮ್ಮ ಹೆಸರಲ್ಲಿ 34,500 ಈಗಾಗಲೇ ಸರ್ಕಾರಕ್ಕೆ ಹೋಗಿರುತ್ತದೆ. ಅಂದರೆ 1,380 ಕಟ್ಟುವ ಬದಲು 11,620 ವಾಪಸ್. ವಿದ್ಯಾರ್ಥಿಗೆ ಇದು ಸಣ್ಣ ಮೊತ್ತ ಅಲ್ಲ, ದಯವಿಟ್ಟು ಬಿಡಬೇಡಿ. ಆದರೆ ಹಳೇ ಪದ್ಧತಿ ಬೇಕು ಅಂದರೆ ಜುಲೈ 31ರ ಒಳಗೆ ರಿಟರ್ನ್ ಹಾಕಬೇಕು, ತಡವಾದರೆ ಆ ಆಯ್ಕೆ ಹೋಗುತ್ತದೆ.

ರಿಟರ್ನ್ ಫಾರಂ ITR-1 ಅಲ್ಲ, ITR-2. ಅದರಲ್ಲಿ `Schedule OS` ಒಳಗೆ 115BB ಅಂತ ಇರುವ ಕಡೆ ಪೂರ್ತಿ 1,15,000 ತೋರಿಸಿ. ಕ್ಯಾಶ್ ಕೈಗೆ ಬಂದೇ ಇಲ್ಲವಲ್ಲ ಅಂತ ಬರೀ 90,000 ಹಾಕಬೇಡಿ. ಹಿಡಿದ 25,000 ಕೂಡ ನಿಮ್ಮದೇ ಆದಾಯ, ನಿಮ್ಮ ಪರವಾಗಿ ತೆರಿಗೆಗೆ ಹೋಗಿದೆ ಅಷ್ಟೇ. ಹಾಗೇ ಗಾಡಿಯ ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಕ್ವಿಜ್‌ಗೆ ಓಡಾಡಿದ ಬಸ್ ಚಾರ್ಜ್, ಯಾವುದನ್ನೂ ಇದರಲ್ಲಿ ಕಳೆಯೋಕೆ ಬರಲ್ಲ.

ತೋಟದ ಐಡಿಯಾ ಬೇಡ. ಗೆದ್ದದ್ದು ನೀವು, ಪ್ಯಾನ್ ನಿಮ್ಮದು, ಆದಾಯವೂ ನಿಮ್ಮದೇ. ಮಳೆ ಹೆಚ್ಚಾಗಿ ಫಸಲು ಉದುರಿ ತೋಟದಲ್ಲಿ ನಷ್ಟ ಆಗಿದ್ದರೂ ಅದನ್ನು ಬಹುಮಾನದ ಜೊತೆ ಸರಿದೂಗಿಸೋಕೆ ಆಗಲ್ಲ.

ನಿಮ್ಮ ಸ್ನೇಹಿತರು ಆನ್‌ಲೈನ್ ಗೇಮ್ ಲೆಕ್ಕ ಹೇಳಿ ತಲೆ ಕೆಡಿಸಬಹುದು, ಅದು ಬೇರೆ. ಅಲ್ಲಿ ಅದೇ 1961ರ ಕಾಯ್ದೆಯ 194BA ಸೆಕ್ಷನ್, 10,000ದ ಮಿತಿ ಇಲ್ಲ, ಹಾಕಿದ ದುಡ್ಡು ಕಳೆದು ನಿವ್ವಳ ಗೆಲುವಿಗೆ 30%. ದುಡ್ಡು ಕಟ್ಟಿ ಆಡುವ ಅಂಥ ಆಟಗಳನ್ನೇ ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲಿ ಬಂತು.

ಕೊನೆಗೆ ಒಂದು. ನೀವು ಗೆದ್ದಿದ್ದು ನಾಲ್ಕು ಜನಕ್ಕೆ ಗೊತ್ತಾದ ಮೇಲೆ "ನಿಮಗೆ ಕೇರಳ ಲಾಟರಿ ಹೊಡೆದಿದೆ, ಟ್ಯಾಕ್ಸ್ ಕಳಿಸಿ" ಅಂತ ಕಾಲ್ ಬರಬಹುದು. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟವೇ ಇಲ್ಲ, ಕೇರಳದ್ದು ಕಾಗದದ ಟಿಕೆಟ್, ಅಲ್ಲಿ ಬಹುಮಾನ ಪಡೆಯೋಕೆ ಟಿಕೆಟ್ ಒಪ್ಪಿಸಬೇಕು, ತೆರಿಗೆಯನ್ನು ಬಹುಮಾನದ ದುಡ್ಡಿನಲ್ಲೇ ಹಿಡಿಯುತ್ತಾರೆ. ಟಿಕೆಟ್ ಕೊಂಡೇ ಇಲ್ಲದವರಿಗೆ ಬರುವ ಕಾಲ್ ಅಂದರೆ ಮೋಸ, ಮಾತಾಡದೆ ಕಟ್ ಮಾಡಿ. ಈಗಾಗಲೇ ದುಡ್ಡು ಕಳಿಸಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.