35,000 ರೂಪಾಯಿಯಲ್ಲಿ ಇಬ್ಬರು ಮಕ್ಕಳಿಗೆ ಒಂದು ಕಂಪ್ಯೂಟರು, ಆಟಕ್ಕೆ ಬೇರೆ ಖಾತೆ

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ಮಗಳು ಮೊದಲ ಪಿಯುಸಿ ಸೈನ್ಸ್, ಮಗ ಏಳನೇ ಕ್ಲಾಸು. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್ ತೆಗೆಯಬೇಕು, 35,000ಕ್ಕಿಂತ ಮೇಲೆ ಆಗುವುದಿಲ್ಲ. ಮಗಳಿಗೆ ಓದಲು ಬೇಕು, ಮಗನಿಗೆ ಗೇಮ್ ಬೇಕು, ಜಗಳ ಈಗಲೇ ಶುರುವಾಗಿದೆ. ಮನೆಯಲ್ಲಿ ಇನ್ವರ್ಟರ್ ಇದೆ. ಹೇಗೆ ಮಾಡುವುದು?

ಉತ್ತರ:

ನಮ್ಮದು ಸಾಗರದ ಕಡೆಯ ಮನೆ. ಇಬ್ಬರು ಮಕ್ಕಳು, ಒಂದು ಕಂಪ್ಯೂಟರು, ಹೆಚ್ಚುಕಡಿಮೆ ಇಷ್ಟೇ ಹಣ. ಎರಡು ವರ್ಷದ ಅನುಭವದಿಂದ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಮಗನನ್ನು ಕೂರಿಸಿಕೊಂಡು ಅವನಿಗೆ ಬೇಕಾದ ಆಟಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ. ಪಾಠದ ವಿಡಿಯೋ, ಆನ್‌ಲೈನ್ ತರಗತಿ, ಪ್ರಾಜೆಕ್ಟಿನ ಬರವಣಿಗೆ, ಸ್ವಲ್ಪ ಪೈಥಾನ್, ಇವಕ್ಕೆ ಐದಾರು ವರ್ಷ ಹಳೆಯ ಯಂತ್ರವೂ ಸಾಕಾಗುತ್ತದೆ. ಆದ್ದರಿಂದ ನಿಮ್ಮ ಬಜೆಟ್ಟನ್ನು ನಿಜವಾಗಿ ನಿರ್ಧರಿಸುವುದು ಆ ಚೀಟಿಯೇ. ಅದರಲ್ಲಿ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್ ಇದ್ದರೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್‌ನಿಂದ, ಚಿತ್ರದ ಗುಣಮಟ್ಟವನ್ನು ತುಸು ತಗ್ಗಿಸಿಕೊಂಡು, ಆರಾಮವಾಗಿ ಆಡಬಹುದು. ಜಿಟಿಎ 5 ಎಂದು ಬರೆದಿದ್ದರೆ ಅದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು, ಡಿಸ್ಕಿನಲ್ಲಿ ನೂರು ಜಿಬಿಯಷ್ಟು ಜಾಗವೂ ಬೇಕು. ಅಲ್ಲದೆ ಅದು ವಯಸ್ಕರ ಆಟ, ಏಳನೆಯ ತರಗತಿಯ ಹುಡುಗನಿಗೆ ಹೇಳಿದ್ದಲ್ಲ. ನಮ್ಮ ಮಗನೂ ಅದನ್ನೇ ಮೊದಲು ಬರೆದಿದ್ದ. ಆ ಒಂದು ಹೆಸರನ್ನು ಹೊಡೆದುಹಾಕಿದ್ದರಿಂದ ಎಂಟು ಸಾವಿರ ಉಳಿಯಿತು.

ಈ ಬಜೆಟ್ಟಿನಲ್ಲಿ ಹೊಸದಕ್ಕಿಂತ, ಕಂಪನಿಗಳ ಕಚೇರಿಯಲ್ಲಿ ಬಳಸಿ ತೆಗೆದ ಡೆಸ್ಕ್‌ಟಾಪನ್ನು ಸರಿಪಡಿಸಿ ಮಾರುತ್ತಾರಲ್ಲ, ರಿಫರ್ಬಿಷ್ಡ್ ಎನ್ನುತ್ತಾರೆ, ಅದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಶಿವಮೊಗ್ಗದಲ್ಲಿಯೂ ಸಿಗುತ್ತವೆ. ಕೊಳ್ಳುವಾಗ ಪ್ರೊಸೆಸರಿನ ಸಂಖ್ಯೆಯನ್ನು ಕಣ್ಣಾರೆ ನೋಡಬೇಕು. i5-8500 ಎಂದಿದ್ದರೆ ಎಂಟನೆಯ ಪೀಳಿಗೆ, i5-6500 ಎಂದಿದ್ದರೆ ಆರನೆಯದು. ವಿಂಡೋಸ್ 11 ಅಧಿಕೃತವಾಗಿ ಎಂಟನೆಯ ಪೀಳಿಗೆಯಿಂದ ಮೇಲಿನವಕ್ಕೆ ಮಾತ್ರ ಸಿಗುತ್ತದೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆರನೆಯ ಪೀಳಿಗೆಯ ಯಂತ್ರ ಮೂರು ನಾಲ್ಕು ಸಾವಿರ ಅಗ್ಗಕ್ಕೆ ಸಿಗುವುದು ಈ ಕಾರಣಕ್ಕೇ. ಅಂಗಡಿಯಲ್ಲಿಯೇ ಚಾಲೂ ಮಾಡಿಸಿ Task Manager ತೆರೆದು Performance ವಿಭಾಗ ನೋಡಿದರೆ ಪ್ರೊಸೆಸರಿನ ಹೆಸರು ಮೇಲೆಯೇ ಕಾಣುತ್ತದೆ.

ಅದೇ ಪುಟದಲ್ಲಿ Memory ಒತ್ತಿ Slots used ಎಂಬ ಸಾಲನ್ನೂ ನೋಡಿ. ಅಲ್ಲಿ 1 ಎಂದಿದ್ದರೆ ಒಂದೇ ಮೆಮೊರಿ ಪಟ್ಟಿ ಇದೆ ಎಂದರ್ಥ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ಕಂಪ್ಯೂಟರಿನ ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. ಎರಡು ಪಟ್ಟಿಗಳಿದ್ದರೆ ಅದರ ದಾರಿ ಎರಡರಷ್ಟು ಅಗಲವಾಗುತ್ತದೆ. ನಮ್ಮದಕ್ಕೆ ಮೊದಲು 8 ಜಿಬಿಯ ಒಂದೇ ಪಟ್ಟಿ ಇತ್ತು, ರೋಬ್ಲಾಕ್ಸ್ ತಡೆತಡೆದು ಓಡುತ್ತಿತ್ತು. ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿದ ಮೇಲೆ ಆ ತಡೆ ಹೋಯಿತು. ಆಟದ ಸಲುವಾಗಿ ನಾವು ಮಾಡಿದ ಖರ್ಚಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ವ್ಯರ್ಥವಾದದ್ದನ್ನೂ ಹೇಳುತ್ತೇನೆ. ಮುಂದೆ ಬೇಕಾದೀತು ಎಂದು ಪರಿಚಯದವರೊಬ್ಬರಿಂದ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡು ತಂದೆ. ಮನೆಗೆ ಬಂದು ಮುಚ್ಚಳ ತೆಗೆದರೆ ಕಾರ್ಡು ಕ್ಯಾಬಿನೆಟ್ಟಿಗಿಂತ ಎತ್ತರ. ಈ ಚಿಕ್ಕ ಕಚೇರಿ ಯಂತ್ರಗಳಿಗೆ ಅರ್ಧ ಎತ್ತರದ ಕಾರ್ಡುಗಳು ಮಾತ್ರ ಹಿಡಿಸುತ್ತವೆ, ಒಳಗೆ ಕರೆಂಟು ಒದಗಿಸುವ ಪೆಟ್ಟಿಗೆ, ಎಸ್‌ಎಂಪಿಎಸ್, ಆಯಾ ಕಂಪನಿಯ ಸ್ವಂತ ಅಳತೆಯದಾಗಿದ್ದು ಕಾರ್ಡಿಗೆ ಬೇಕಾದ ಪ್ರತ್ಯೇಕ ವೈರು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕಾರ್ಡನ್ನು ಆಮೇಲೆ ಸೇರಿಸುವ ಯೋಚನೆ ನಿಮಗಿದ್ದರೆ ಈ ಬಗೆಯ ಯಂತ್ರವನ್ನು ಕೊಳ್ಳಲೇಬೇಡಿ.

ನಾವು ಕೊಟ್ಟ ಬೆಲೆ ಹೀಗಿತ್ತು: 256 ಜಿಬಿ ಎಸ್‌ಎಸ್‌ಡಿ ಇದ್ದ ಯಂತ್ರಕ್ಕೆ 16,500, ಎರಡನೆಯ ಮೆಮೊರಿ ಪಟ್ಟಿಗೆ 1,700, ಹೊಸ 22 ಇಂಚಿನ ಮಾನಿಟರಿಗೆ 6,800, ಕೀಬೋರ್ಡು ಮೌಸಿಗೆ 900, ಕ್ಯಾಮೆರಾ ಮತ್ತು ಹೆಡ್‌ಫೋನಿಗೆ 2,000, ಸ್ಪೈಕ್ ಗಾರ್ಡಿಗೆ 600. ಒಟ್ಟು 28,500. ಮೆಮೊರಿಯ ಬೆಲೆ ಏರಿಳಿಯುವುದರಿಂದ ನೀವು ಕೊಳ್ಳುವ ದಿನ ವಿಚಾರಿಸಿ. ಉಳಿದ 6,500ನ್ನು ಖರ್ಚು ಮಾಡಬೇಡಿ. ಹಳೆಯ ಯಂತ್ರದ ಎಸ್‌ಎಂಪಿಎಸ್ ಅಥವಾ ಡಿಸ್ಕ್ ಕೈಕೊಟ್ಟರೆ ಆ ಹಣವೇ ಗತಿ. ಮೈನ್‌ಕ್ರಾಫ್ಟನ್ನು ಒಮ್ಮೆ ಕೊಳ್ಳಬೇಕಾಗುತ್ತದೆ, ಅದನ್ನೂ ಇದರಿಂದಲೇ ತೆಗೆಯಿರಿ. ರೋಬ್ಲಾಕ್ಸ್ ಉಚಿತವಾದರೂ ಒಳಗೆ ರೋಬಕ್ಸ್ ಎಂಬ ನಾಣ್ಯವನ್ನು ಹಣಕ್ಕೆ ಮಾರುತ್ತದೆ, ಆದ್ದರಿಂದ ಆ ಕಂಪ್ಯೂಟರಿನಲ್ಲಿ ಯಾವ ಬ್ಯಾಂಕ್ ಕಾರ್ಡಿನ ವಿವರವನ್ನೂ ಉಳಿಸಬೇಡಿ.

ಇನ್ವರ್ಟರ್ ಇದೆ ಎಂದಿದ್ದೀರಿ. ಅದು ಸೈನ್ ವೇವ್ ಆಗಿದ್ದರೆ ಬೇರೆ ಯುಪಿಎಸ್ ಬೇಕಾಗದೆ ಹೋಗಬಹುದು. ಹಿಂಬದಿಯಲ್ಲಿ ಅಥವಾ ಮುಂದೆ UPS ಎಂದು ಬರೆದ ಚಿಕ್ಕ ಸ್ವಿಚ್ ಇದೆಯೇ ನೋಡಿ. ಅದನ್ನು ಆ ಕಡೆಗೆ ಹಾಕಿದರೆ ಕರೆಂಟು ಹೋದಾಗ ಬದಲಾವಣೆ ಬೇಗ ಆಗುವುದರಿಂದ ಕಂಪ್ಯೂಟರು ಆರಿಹೋಗುವುದಿಲ್ಲ. ಇದಕ್ಕೊಂದು ತೊಡಕಿದೆ: ಆ ಸ್ಥಿತಿಯಲ್ಲಿ ಇನ್ವರ್ಟರು ಕಡಿಮೆ ವೋಲ್ಟೇಜನ್ನು ಸಹಿಸದೆ ಬ್ಯಾಟರಿಗೆ ಹಾರುತ್ತದೆ. ಸಂಜೆ ಎಲ್ಲರ ತೋಟದ ಪಂಪು ಓಡುವಾಗ ನಮ್ಮಲ್ಲಿ ಬಲ್ಬು ಮಂಕಾಗುತ್ತದೆ, ಇನ್ವರ್ಟರು ಕರೆಂಟಿದ್ದರೂ ಗುಂಯ್‌ಗುಡುತ್ತಾ ಬ್ಯಾಟರಿ ತಿನ್ನುತ್ತದೆ. ನಿಮ್ಮಲ್ಲೂ ಹಾಗಾದರೆ ಸ್ವಿಚ್ಚನ್ನು ಹಿಂದಕ್ಕೆ ಹಾಕಿ 600 ವಿಎ ಯುಪಿಎಸ್ ಒಂದನ್ನು ಉಳಿದ ಹಣದಿಂದ ತನ್ನಿ. ಸಿಡಿಲಿನ ದಿನಗಳಲ್ಲಿ ಮಾತ್ರ ಯಾವುದನ್ನೂ ನಂಬದೆ ಪ್ಲಗ್ಗನ್ನೂ ರೂಟರಿನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.

ಈಗ ಜಗಳದ ವಿಷಯ. ಮೊದಲು ನಾನು ಮಕ್ಕಳಿಗೆ ತಲಾ ಒಂದು ಖಾತೆ ಮಾಡಿ ಮಗನ ಖಾತೆಗೆ ದಿನಕ್ಕೆ ಎರಡು ಗಂಟೆ ಎಂದು ಮಿತಿ ಹಾಕಿದ್ದೆ. ಅವನು ಆಟವಾಡಿ ಎರಡು ಗಂಟೆ ಮುಗಿಸಿ, ಆಮೇಲೆ ವಿಜ್ಞಾನದ ಪ್ರಾಜೆಕ್ಟ್ ಇದೆ ಎಂದು ಬಂದು ನಿಲ್ಲುತ್ತಿದ್ದ; ನಾನು ಸಮಯ ಹೆಚ್ಚಿಸಲೇಬೇಕಾಗುತ್ತಿತ್ತು. ಆಮೇಲೆ ಹೊಳೆದದ್ದು, ಮಿತಿಯನ್ನು ಮಗುವಿನ ಮೇಲೆ ಹಾಕುವ ಬದಲು ಆಟದ ಮೇಲೆ ಹಾಕಬೇಕೆಂದು. ಈಗ ನಾಲ್ಕು ಖಾತೆಗಳಿವೆ: ನನ್ನದು, ಅದೊಂದಕ್ಕೇ ನಿರ್ವಾಹಕನ ಅಧಿಕಾರ, ಮಗಳ ಓದಿನದು, ಮಗನ ಓದಿನದು, ಇಬ್ಬರಿಗೂ ಸೇರಿದ aata ಎಂಬುದು. ಓದಿನ ಖಾತೆಗಳಿಗೆ ಸಮಯದ ಮಿತಿಯಿಲ್ಲ. aata ಖಾತೆಯನ್ನು Settings, Accounts, Other users ಎಂಬಲ್ಲಿ, ಮೈಕ್ರೋಸಾಫ್ಟ್ ಖಾತೆಯಿಲ್ಲದ ಸ್ಥಳೀಯ ಖಾತೆಯಾಗಿ ಮಾಡಬೇಕು. ಬಳಿಕ Command Prompt ಅನ್ನು Run as administrator ಮೂಲಕ ತೆರೆದು ಹೀಗೆ ಬರೆಯಬೇಕು:

```
net user aata /times:M-F,18:00-19:00;Sa,13:00-17:00;Su,15:00-18:00
```

`/times:` ಆದಮೇಲೆ ಎಲ್ಲೂ ಜಾಗ ಬಿಡಬಾರದು, ಸಮಯ ಪೂರ್ತಿ ಗಂಟೆಗಳಲ್ಲಿಯೇ ಇರಬೇಕು. ಪವರ್‌ಶೆಲ್‌ನಲ್ಲಿ ಇದನ್ನೇ ಬರೆದರೆ ಅರ್ಧವಿರಾಮದ ಚಿಹ್ನೆ ಆಜ್ಞೆಯನ್ನು ತುಂಡರಿಸಿಬಿಡುತ್ತದೆ, ಹಾಗಾಗಿ Command Prompt ಅನ್ನೇ ಬಳಸಿ. ಬರೀ `net user aata` ಎಂದು ಕೊಟ್ಟರೆ Logon hours allowed ಎಂಬಲ್ಲಿ ನೀವು ಹಾಕಿದ ಗಂಟೆಗಳು ಕಾಣುತ್ತವೆ. ದಸರಾ ರಜೆಯಲ್ಲಿ ತೆಗೆದುಹಾಕಬೇಕೆಂದರೆ `net user aata /times:all` ಸಾಕು.

ಶನಿವಾರ ಒಂದು ಗಂಟೆಗೇ ಏಕೆ ತೆರೆದಿದೆ ಎಂದರೆ, ಆಟಗಳು ಆಗಾಗ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳುತ್ತವೆ. 15 ಜಿಬಿಯದೊಂದು ಬಂದರೆ ನಮ್ಮ 40 ಎಂಬಿಪಿಎಸ್ ಸಂಪರ್ಕದಲ್ಲಿ ಲೆಕ್ಕದಂತೆಯೇ ಐವತ್ತು ನಿಮಿಷ ಬೇಕು. ಒಂದು ಸೋಮವಾರ ಆಟದ ಇಡೀ ಗಂಟೆ ಅದಕ್ಕೇ ಹೋಗಿ ಮಗ ಅತ್ತೇಬಿಟ್ಟಿದ್ದ. ಈಗ ಶನಿವಾರ ಶಾಲೆ ಬಿಟ್ಟು ಬಂದವನು ಖಾತೆ ತೆರೆದಿಟ್ಟು ಊಟಕ್ಕೆ ಕೂರುತ್ತಾನೆ, ಊಟ ಮುಗಿಯುವಷ್ಟರಲ್ಲಿ ಅದೂ ಬಹುಮಟ್ಟಿಗೆ ಮುಗಿದಿರುತ್ತದೆ.

ಈ ಆಜ್ಞೆಗೆ ಒಂದು ಮಿತಿಯುಂಟು. ಅದು ಸಮಯವಲ್ಲದ ಸಮಯದಲ್ಲಿ ಒಳಗೆ ಬಿಡುವುದಿಲ್ಲವೇ ಹೊರತು ಈಗಾಗಲೇ ಒಳಗಿರುವವನನ್ನು ಎಬ್ಬಿಸುವುದಿಲ್ಲ. ಅದಕ್ಕಾಗಿ Task Scheduler ನಲ್ಲಿ, aata ಖಾತೆಯ ಹೆಸರಿನಲ್ಲಿ, `shutdown /l` ಎಂಬುದನ್ನು ವಾರದ ದಿನ 19:00ಕ್ಕೆ, ಶನಿವಾರ 17:00ಕ್ಕೆ, ಭಾನುವಾರ 18:00ಕ್ಕೆ ನಡೆಸುವಂತೆ ಇಟ್ಟಿದ್ದೇನೆ. ಇದು ಕಂಪ್ಯೂಟರನ್ನು ಆರಿಸುವುದಿಲ್ಲ, ಆ ಖಾತೆಯಿಂದ ಮಾತ್ರ ಹೊರಗೆ ಹಾಕುತ್ತದೆ. ಉಳಿಸದೆ ಬಿಟ್ಟ ಕೆಲಸ ಹೋಗುತ್ತದೆ. ಮೊದಲ ದಿನ ಹೋಯಿತು, ಎರಡನೆಯ ದಿನದಿಂದ ಐದು ನಿಮಿಷ ಮೊದಲೇ ಮಗ ಗಡಿಯಾರ ನೋಡತೊಡಗಿದ. ಏಳು ಗಂಟೆಯಿಂದ ಯಂತ್ರ ಮಗಳದ್ದು, ಇದರಲ್ಲಿ ಚರ್ಚೆಯಿಲ್ಲ. ಆಟದ ಗಂಟೆಯಲ್ಲಿ ಯಾರ ಪಾಳಿ ಎಂಬುದನ್ನು ನಾವು ಅವರಿಗೇ ಬಿಟ್ಟಿದ್ದೇವೆ. ಮಗಳು ಭಾನುವಾರ ಮಾತ್ರ ಕೇಳುತ್ತಾಳೆ.

ಎಲ್ಲಿ ಸೋರುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. ರೋಬ್ಲಾಕ್ಸ್ ಅನ್ನು ಅಳವಡಿಸಲು ನಿರ್ವಾಹಕನ ಗುಪ್ತಪದ ಬೇಕಾಗುವುದಿಲ್ಲ, ಅದು ಬಳಕೆದಾರನ ಸ್ವಂತ ಕಡತಕೋಶದಲ್ಲಿಯೇ ಕೂರುತ್ತದೆ. ಆದ್ದರಿಂದ ಮಗ ಅದನ್ನು ಓದಿನ ಖಾತೆಯಲ್ಲಿಯೂ ಹಾಕಿಕೊಳ್ಳಬಲ್ಲ, ನಮ್ಮವನು ಹಾಕಿಕೊಂಡಿದ್ದ. ಅವನ ಖಾತೆಯಿಂದಲೇ Settings, Apps, Installed apps ತೆರೆದು ದಿನಾಂಕದ ಪ್ರಕಾರ ಜೋಡಿಸಿದರೆ ತಿಳಿಯುತ್ತದೆ. ತಿಂಗಳಿಗೊಮ್ಮೆ ಅವನೆದುರೇ ನೋಡುತ್ತೇನೆ. ಬ್ರೌಸರಿನಲ್ಲಿ ಆಡುವ ಚಿಕ್ಕಪುಟ್ಟ ಆಟಗಳನ್ನು ಮತ್ತು ಯೂಟ್ಯೂಬನ್ನು ಈ ಏರ್ಪಾಡು ತಡೆಯುವುದಿಲ್ಲ. ಅದಕ್ಕಾಗಿ ಕಂಪ್ಯೂಟರನ್ನು ಕೋಣೆಯಲ್ಲಿಡದೆ ಜಗುಲಿಯಲ್ಲಿ, ಪರದೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇವೆ. ಮಳೆಗಾಲದಲ್ಲಿ ಗೋಡೆ ಬೆವರುವುದರಿಂದ ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ. ಒಬ್ಬರು ಎದ್ದು ಇನ್ನೊಬ್ಬರು ಕೂರುವಾಗ Switch user ಬೇಡ, Sign out ಮಾಡಿಸಿ. ಇಲ್ಲದಿದ್ದರೆ ತಮ್ಮನ ಆಟ ಹಿನ್ನೆಲೆಯಲ್ಲಿ ಮೆಮೊರಿ ಹಿಡಿದುಕೊಂಡೇ ಇರುತ್ತದೆ, ಅಕ್ಕನಿಗೆ ಯಂತ್ರ ನಿಧಾನವಾಗಿದೆ ಎಂದು ಕಾಣುತ್ತದೆ, ಮತ್ತೆ ಅಲ್ಲಿಂದ ಜಗಳ.