ಬಿಸಿನೆಸ್ ಮೀಟ್‌ನಲ್ಲಿ ಮಾತು ಮುಗಿಸಿ ಹೊರಡುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಬಿಸಿನೆಸ್ ಮೀಟ್‌ಗಳಲ್ಲಿ ಒಬ್ಬರ ಹತ್ತಿರವೇ ಸಿಕ್ಕಿಹಾಕಿಕೊಳ್ಳುತ್ತೇನೆ. ಅವರಿಗೆ ಬೇಜಾರಾಗದ ಹಾಗೆ ಮುಂದೆ ಹೋಗುವುದು ಹೇಗೆ?

ಉತ್ತರ: ಅವರಿಗೆ ಅಲ್ಲಿ ಬೇರೆ ಪರಿಚಯದವರು ಇದ್ದಾರಾ ಎಂದು ಮೊದಲು ನೋಡಿ. ಇದ್ದರೆ ಸುಲಭ. ಅವರು ಹೇಳುತ್ತಿದ್ದದ್ದು ಮುಗಿಯಲಿ, ಆಮೇಲೆ "ಆ ಸಪ್ಲೈಯರ್ ನಂಬರ್ ನಾಳೆ ವಾಟ್ಸಾಪ್ ಮಾಡ್ತೇನೆ, ಈಗ ಇನ್ನೊಬ್ಬರನ್ನು ನೋಡ್ಲಿಕ್ಕುಂಟು, ಬರ್ತೇನೆ ಆಯ್ತಾ" ಎಂದು ಹೊರಡಿ. ಹೊರಟ ಮೇಲೆ ಹೊಸ ಪ್ರಶ್ನೆ ಕೇಳಬೇಡಿ, ಮತ್ತೆ ಕಾಲು ಗಂಟೆ ಹೋಯಿತು!

ಒಬ್ಬರೇ ಬಂದಿದ್ದರೆ ಬಿಟ್ಟು ಹೋಗಬೇಡಿ, ಇನ್ನೊಬ್ಬರಿಗೆ ಸೇರಿಸಿ. ನೀವು ಗೇರುಬೀಜ ಫ್ಯಾಕ್ಟರಿಯವರ ಜೊತೆ ಇದ್ದೀರಿ, ಆಚೆ ಪ್ಯಾಕಿಂಗ್ ಮಷಿನ್ ಮಾರುವವರು ನಿಂತಿದ್ದಾರೆ ಎನ್ನಿ. "ಬನ್ನಿ, ಒಬ್ಬರ ಪರಿಚಯ ಮಾಡಿಸ್ತೇನೆ" ಎಂದು ಕರೆದುಕೊಂಡು ಹೋಗಿ. ಬರೀ ಹೆಸರು ಹೇಳಿದರೆ ಇಬ್ಬರೂ ಮುಖ ಮುಖ ನೋಡಿಕೊಂಡು ನಿಲ್ಲುತ್ತಾರೆ. "ಇವರದ್ದು ಕಾರ್ಕಳದಲ್ಲಿ ಗೇರುಬೀಜದ ಫ್ಯಾಕ್ಟರಿ, ಸಣ್ಣ ಪ್ಯಾಕೆಟ್ ಶುರು ಮಾಡ್ಬೇಕಂತೆ" ಎಂದರೆ ಮಾತು ತಾನಾಗಿ ಹತ್ತುತ್ತದೆ. (ಗುಟ್ಟಾಗಿ ಹೇಳಿದ್ದನ್ನು ಇಲ್ಲಿ ಬಿಚ್ಚಬೇಡಿ.) ಅವರವರೇ ಒಂದೆರಡು ಮಾತಾಡಿಕೊಂಡ ಮೇಲೆ "ನೀವು ಮಾತಾಡಿ" ಎಂದು ಸರಿಯಿರಿ.

"ಈಗ ಬಂದೆ" ಎಂದು ಹೋಗಿ ಬಾರದೆ ಇರುವುದು ಮಾತ್ರ ಬೇಡ ಮಾರಾಯ್ರೆ. ಊಟದ ಕ್ಯೂನಲ್ಲಿ ಮತ್ತೆ ಅವರೇ ಎದುರಾಗುತ್ತಾರೆ.