ದೀಪಾವಳಿಗೆ ಮುಂಚಿನ ಸಿಬ್ಬಂದಿ ಸಭೆಯಲ್ಲಿ ನಾನು ಹೇಳುವುದು

ಪ್ರಶ್ನೆ: ಜವಳಿ ಅಂಗಡಿಯೊಂದರಲ್ಲಿ ಹೊಸದಾಗಿ ಮ್ಯಾನೇಜರ್ ಆಗಿದ್ದೇನೆ, ಮೂವತ್ತು ಜನ ಸಿಬ್ಬಂದಿ ಇದ್ದಾರೆ. ದೀಪಾವಳಿ ರಶ್ಶಿಗೆ ಮೊದಲು ಅವರನ್ನು ಕೂರಿಸಿಕೊಂಡು ಆಫರ್, ಕ್ಯೂ, ಗಿರಾಕಿಗಳ ಜೊತೆ ನಡೆದುಕೊಳ್ಳುವ ರೀತಿ ಇವುಗಳ ಬಗ್ಗೆ ಏನು ಹೇಳಬೇಕು? ಅನುಭವ ಇರುವವರು ತಿಳಿಸಿ.

ಉತ್ತರ: ದಾವಣಗೆರೆಯ ಮಂಡಿಪೇಟೆಯ ಆಸುಪಾಸಿನಲ್ಲಿ ಹದಿನಾಲ್ಕು ವರ್ಷಗಳಿಂದ ಜವಳಿ ವ್ಯಾಪಾರದಲ್ಲಿದ್ದೇನೆ; ಅದರಲ್ಲಿ ಕಳೆದ ಆರು ವರ್ಷ ಮ್ಯಾನೇಜರ್ ಆಗಿ ಕೆಲಸ ಮಾಡಿದ್ದೇನೆ. ಮೊದಲ ಎರಡು ವರ್ಷ ನಾನು ಸಭೆಯಲ್ಲಿ "ನಗುಮುಖದಿಂದ ಮಾತಾಡಿಸಿ, ತಾಳ್ಮೆಯಿಂದಿರಿ" ಎಂದು ಅರ್ಧ ಗಂಟೆ ಹೇಳಿ ಕಳಿಸುತ್ತಿದ್ದೆ. ಅದರಿಂದ ಏನೂ ಆಗಲಿಲ್ಲ. ಹಬ್ಬದ ದಿನಗಳಲ್ಲಿ ಏಳುವ ಜಗಳಗಳನ್ನು ಒಂದೊಂದಾಗಿ ಬರೆದಿಟ್ಟು ನೋಡಿದಾಗ, ಹೆಚ್ಚಿನವು ಯಾರದೋ ಸಿಡುಕಿನಿಂದ ಹುಟ್ಟಿದ್ದಲ್ಲ, ಆಫರ್ ಬಗ್ಗೆ ಮೇಲಿನ ಮಹಡಿಯಲ್ಲಿ ಒಂದು ಮಾತು, ಬಿಲ್ ಕೌಂಟರಿನಲ್ಲಿ ಇನ್ನೊಂದು ಮಾತು ಹೇಳಿದ್ದರಿಂದ ಹುಟ್ಟಿದ್ದು ಎಂಬುದು ಗೊತ್ತಾಯಿತು. ಆದ್ದರಿಂದ ಈಗ ನನ್ನ ಸಭೆಯ ಮುಕ್ಕಾಲು ಪಾಲು ಸಮಯ ಬಿಲ್ಲಿನ ಲೆಕ್ಕಕ್ಕೇ ಹೋಗುತ್ತದೆ.

ಸಭೆಯನ್ನು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಟ್ಟುಕೊಳ್ಳಬೇಡಿ. ದಿನವಿಡೀ ನಿಂತು ಸೀರೆ ಬಿಚ್ಚಿ ಮಡಚಿದವರ ಕಿವಿಗೆ ಆ ಹೊತ್ತಿನಲ್ಲಿ ಏನೂ ಹೋಗುವುದಿಲ್ಲ. ಆಫರ್ ಆರಂಭವಾಗುವ ಎರಡು ದಿನ ಮೊದಲು, ಬಾಗಿಲು ತೆರೆಯುವ ಮುನ್ನ ನಲವತ್ತು ನಿಮಿಷ ಸಾಕು. ಹಬ್ಬಕ್ಕೆಂದು ತಾತ್ಕಾಲಿಕವಾಗಿ ಸೇರಿಸಿಕೊಂಡ ಹುಡುಗರು ಮತ್ತು ಬಾಗಿಲಿನ ಕಾವಲುಗಾರ ಕಡ್ಡಾಯವಾಗಿ ಇರಬೇಕು, ಏಕೆಂದರೆ "ಆಫರ್ ಏನೈತಿ?" ಎಂಬ ಪ್ರಶ್ನೆಯನ್ನು ಗಿರಾಕಿ ಮೊದಲು ಕೇಳುವುದೇ ಕಾವಲುಗಾರನನ್ನು.

ನಾನು ಮಾಡುವುದು ಇಷ್ಟು: ಬೋರ್ಡಿನಲ್ಲಿರುವ ಆಫರನ್ನು ಓದಿ ಹೇಳುವುದಿಲ್ಲ, ನಿಜವಾದ ಬಟ್ಟೆಗಳನ್ನು ಮೇಜಿನ ಮೇಲಿಟ್ಟು, ಸಿಬ್ಬಂದಿಯ ಎದುರೇ ಬಿಲ್ ಮಾಡಿಸುತ್ತೇನೆ. "ಎರಡು ಕೊಂಡರೆ ಒಂದು ಉಚಿತ" ಎಂಬ ಆಫರನ್ನೇ ನೋಡಿ. 1,200, 950 ಮತ್ತು 600 ರೂಪಾಯಿಯ ಮೂರು ಅಂಗಿಗಳಿದ್ದರೆ ಕಡಿಮೆ ಬೆಲೆಯ 600 ರೂಪಾಯಿಯದು ಉಚಿತವಾಗಿ, ಗಿರಾಕಿ 2,150 ಕೊಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ತೊಡಕು ಬರುವುದು ಮನೆಮಂದಿಗೆಲ್ಲ ಬಟ್ಟೆ ಕೊಳ್ಳುವವರು ಬಂದಾಗ. 1,800, 1,500, 1,200, 700, 600, 500 ರೂಪಾಯಿಯ ಆರು ಬಟ್ಟೆಗಳನ್ನು ಒಂದೇ ಬಿಲ್ಲಿಗೆ ಹಾಕಿದರೆ, ಕೆಲವು ತಂತ್ರಾಂಶಗಳು ಎಲ್ಲಕ್ಕಿಂತ ಕಡಿಮೆ ಬೆಲೆಯ ಎರಡನ್ನು, ಅಂದರೆ 500 ಮತ್ತು 600ರದನ್ನು, ಉಚಿತವೆಂದು ತೆಗೆಯುತ್ತವೆ. ಗಿರಾಕಿ 5,200 ಕೊಡಬೇಕಾಗುತ್ತದೆ. ಅದೇ ಆರನ್ನು ದೊಡ್ಡ ಬೆಲೆಯ ಮೂರು, ಸಣ್ಣ ಬೆಲೆಯ ಮೂರು ಎಂದು ಎರಡು ಬಿಲ್ ಮಾಡಿದರೆ 1,200 ಮತ್ತು 500ರ ಬಟ್ಟೆಗಳು ಉಚಿತವಾಗಿ, 4,600ಕ್ಕೆ ಮುಗಿಯುತ್ತದೆ. ಆರುನೂರು ರೂಪಾಯಿಯ ವ್ಯತ್ಯಾಸವಿದು. ಕ್ಯೂನಲ್ಲಿ ಹಿಂದೆ ನಿಂತ ಯಾರೋ ಒಬ್ಬರು ಇದನ್ನು ಖಂಡಿತ ಲೆಕ್ಕ ಹಾಕಿ ಹೇಳಿಕೊಡುತ್ತಾರೆ, ಆಗ ಮುಂದಿನವರು "ಬಿಲ್ ಕ್ಯಾನ್ಸಲ್ ಮಾಡಿ, ಬೇರೆ ಬೇರೆ ಹಾಕಿ" ಎನ್ನುತ್ತಾರೆ. ಒಂದು ಬಿಲ್ ರದ್ದು ಮಾಡಿ ಮತ್ತೆ ಎರಡು ಬಿಲ್ ಹಾಕುವಷ್ಟರಲ್ಲಿ ಎಂಟು ಹತ್ತು ನಿಮಿಷ ಹೋಗಿರುತ್ತದೆ.

ಇದಕ್ಕೆ ಮೊದಲೇ ಒಂದು ತೀರ್ಮಾನ ಬೇಕು. ನಿಮ್ಮ ತಂತ್ರಾಂಶ ಹೇಗೆ ಗುಂಪು ಮಾಡುತ್ತದೆ ಎಂದು ಪರೀಕ್ಷಿಸಿ, ಬೇರೆ ಬೇರೆ ಬಿಲ್ ಕೊಡಬೇಕೋ ಬೇಡವೋ ಎಂಬುದನ್ನು ಮಾಲೀಕರಿಂದಲೇ ಸಭೆಗೆ ಮುಂಚೆ ಕೇಳಿ ತಿಳಿದುಕೊಳ್ಳಿ. ನಮ್ಮ ಮಾಲೀಕರು ಮೊದಲು ಒಪ್ಪಲಿಲ್ಲ. ಗಿರಾಕಿ ಮನೆಗೆ ಹೋಗಿ ಲೆಕ್ಕ ಹಾಕಿ ಮರುದಿನ ಸಿಟ್ಟಿನಿಂದ ಬರುವುದಕ್ಕಿಂತ ಇಲ್ಲಿಯೇ ಕೊಟ್ಟುಬಿಡುವುದು ಒಳ್ಳೆಯದು ಎಂದು ನಾನು ವಾದಿಸಿದ ಮೇಲೆ ಒಪ್ಪಿದರು. ಈಗ ನಮ್ಮಲ್ಲಿ ಬಟ್ಟೆ ತೋರಿಸಿದ ಸೇಲ್ಸ್‌ನವರೇ ಮೂರು ಮೂರರ ಗುಂಪು ಮಾಡಿ, ಉಚಿತವಾದದ್ದಕ್ಕೆ ಗುರುತು ಹಾಕಿ, ಚೀಟಿ ಬರೆದು ಗಿರಾಕಿಗೆ ಓದಿ ಹೇಳಿ ಕಳಿಸುತ್ತಾರೆ. ಕೌಂಟರಿನಲ್ಲಿ ಗುಂಪು ಬದಲಿಸುವ ಮಾತೇ ಇಲ್ಲ.

ಆಫರ್ ಇಲ್ಲದ ಸರಕಿನ ಬಗ್ಗೆಯೂ ಇಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೂರು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ಒಂದು ಕಂಪನಿಯ ಅಂಗಿಗಳಿಗೆ ಆಫರ್ ಇರಲಿಲ್ಲ, ಅದನ್ನು ಹೊಸ ಹುಡುಗರಿಗೆ ಹೇಳಲು ನಾನೇ ಮರೆತಿದ್ದೆ. ಜಗಳೂರು ಕಡೆಯ ಹಳ್ಳಿಯೊಂದರಿಂದ ಬಂದ ಹಿರಿಯರೊಬ್ಬರು ಮಕ್ಕಳು, ಅಳಿಯಂದಿರಿಗೆಲ್ಲ ಸೇರಿ ಒಂಬತ್ತು ಅಂಗಿ ಆರಿಸಿಕೊಂಡು ಕೌಂಟರಿಗೆ ಬಂದರು. ಮೊತ್ತ ಕೇಳಿ, "ಏನ್ರೀ, ಮ್ಯಾಲೆ ಎಲ್ಲದಕ್ಕೂ ಐತಿ ಅಂದ್ರು, ಇಲ್ಲಿ ಇಲ್ಲ ಅಂತೀರಿ, ನಾವೇನು ಓದಾಕ ಬರದವರು ಅಂತ ತಿಳಿದೀರೇನು?" ಎಂದರು. ಅವರ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಜನ ನಿಂತಿದ್ದರು, ಎಲ್ಲರೂ ಅವರ ಪರವಾಗಿಯೇ ಮಾತಾಡಿದರು, ಅದು ನ್ಯಾಯವೂ ಆಗಿತ್ತು. ಕೊನೆಗೆ ಹುಡುಗ ಹೇಳಿದ ಬೆಲೆಗೇ ಕೊಟ್ಟು ಕಳಿಸಿದೆ. ಅಂದಿನಿಂದ ಆಫರ್ ಇಲ್ಲದ ಕಪಾಟುಗಳನ್ನು ಸಭೆಯ ದಿನ ಎಲ್ಲರನ್ನೂ ಕರೆದುಕೊಂಡು ಹೋಗಿ ಕೈಯಿಂದ ಮುಟ್ಟಿ ತೋರಿಸುತ್ತೇನೆ. "ಶೇ. 50ರವರೆಗೆ" ಎಂಬ ಬೋರ್ಡಿದ್ದರೆ ಆ "ವರೆಗೆ" ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಐವತ್ತು ಯಾವ ಕಪಾಟಿನಲ್ಲಿದೆ, ಉಳಿದದ್ದಕ್ಕೆ ಎಷ್ಟು ಎಂಬುದೂ ಪ್ರತಿಯೊಬ್ಬರ ಬಾಯಲ್ಲಿರಬೇಕು.

ಇನ್ನು ಕ್ಯೂ. ಇದನ್ನು ಸಿಬ್ಬಂದಿಗೆ ಅಂಕಿಯಲ್ಲಿಯೇ ತೋರಿಸಿ. ಒಂದು ಬಿಲ್ಲಿಗೆ ಸರಾಸರಿ ಮೂರು ನಿಮಿಷವಾದರೆ ಒಂದು ಕೌಂಟರಿನಲ್ಲಿ ಗಂಟೆಗೆ ಇಪ್ಪತ್ತು ಬಿಲ್, ಮೂರು ಕೌಂಟರಿನಲ್ಲಿ ಅರವತ್ತು. ಸಂಜೆ ಗಂಟೆಗೆ ಎಪ್ಪತ್ತೈದು ಗಿರಾಕಿಗಳು ಬಂದರೆ ಪ್ರತಿ ಗಂಟೆಗೆ ಹದಿನೈದು ಜನ ಉಳಿಯುತ್ತಾರೆ; ಎರಡು ಗಂಟೆಯ ಹೊತ್ತಿಗೆ ಮೂವತ್ತು ಜನ ನಿಂತಿರುತ್ತಾರೆ, ಕೊನೆಯವರು ಅರ್ಧ ಗಂಟೆ ಕಾಯುತ್ತಾರೆ. ಬಿಲ್ಲಿನ ಸಮಯವನ್ನು ಎರಡು ನಿಮಿಷಕ್ಕೆ ಇಳಿಸಿದರೆ ಅದೇ ಮೂರು ಕೌಂಟರಿನಲ್ಲಿ ತೊಂಬತ್ತು ಬಿಲ್ ಆಗುತ್ತದೆ, ಕ್ಯೂ ಬೆಳೆಯುವುದೇ ಇಲ್ಲ. ಆ ಒಂದು ನಿಮಿಷ ಎಲ್ಲಿ ಹೋಗುತ್ತದೆ ಎಂದು ನಾನು ಗಡಿಯಾರ ಹಿಡಿದು ನೋಡಿದ್ದೇನೆ: ಬಿಲ್ ಮಾಡುವವರೇ ಬಟ್ಟೆ ಮಡಚಿ ಚೀಲಕ್ಕೆ ತುಂಬುವುದರಲ್ಲಿ, ಚಿಲ್ಲರೆ ಹುಡುಕುವುದರಲ್ಲಿ ಮತ್ತು ಮೊಬೈಲ್ ಸಂಖ್ಯೆ ಕೇಳುವುದರಲ್ಲಿ. ಆದ್ದರಿಂದ ಪ್ರತಿ ಕೌಂಟರಿಗೆ ಚೀಲ ತುಂಬುವ ಒಬ್ಬ ಹುಡುಗನನ್ನು ನಿಲ್ಲಿಸಿ, ಹತ್ತು ಮತ್ತು ಇಪ್ಪತ್ತರ ನೋಟುಗಳನ್ನು ಹಿಂದಿನ ದಿನವೇ ಬ್ಯಾಂಕಿನಿಂದ ತರಿಸಿಡಿ. ಮೊಬೈಲ್ ಸಂಖ್ಯೆಯನ್ನು ಒತ್ತಾಯಿಸಿ ಕೇಳಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ವ್ಯಾಪಾರಿಗಳಿಗೆ ಸೂಚಿಸಿದೆ. ಹಬ್ಬದ ವಾರದಲ್ಲಿ ನಾವು ಕೇಳುವುದನ್ನೇ ಬಿಟ್ಟಿದ್ದೇವೆ. ಕೈಚೀಲಕ್ಕೆ ದರ ಹಾಕುವುದಿದ್ದರೆ ಅದು ಬಾಗಿಲಲ್ಲೇ ಕಾಣಬೇಕು. ಬಟ್ಟೆ ಆರಿಸಿ ಕೌಂಟರಿಗೆ ಬಂದ ಮೇಲೆ ಮೊದಲ ಬಾರಿಗೆ ಆ ದರ ಹೇಳುವುದು ಸರಿಯಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗವೂ 2020ರಲ್ಲಿ ಹೇಳಿದೆ.

ಮೂರು ಕೌಂಟರಿಗೆ ಮೂರು ಸಾಲಿಗಿಂತ ಒಂದೇ ಸಾಲು ಒಳ್ಳೆಯದು; ಒಬ್ಬರ ಬಿಲ್ ಸಿಕ್ಕಿಹಾಕಿಕೊಂಡರೂ ಅವರ ಹಿಂದಿನವರಿಗೆ ಅದರ ಬಿಸಿ ತಟ್ಟುವುದಿಲ್ಲ, "ಆ ಸಾಲು ಮುಂದೆ ಹೋಯ್ತು" ಎಂಬ ಗೊಣಗಾಟವೂ ಇರುವುದಿಲ್ಲ. ಆದರೆ ಸಾಲು ಮೆಟ್ಟಿಲ ಬುಡದವರೆಗೆ ಬರುವ ಇಕ್ಕಟ್ಟಿನ ಅಂಗಡಿಯಲ್ಲಿ ಇದನ್ನು ಮಾಡಲೇಬೇಡಿ. ಮೆಟ್ಟಿಲು ಯಾವ ಕಾರಣಕ್ಕೂ ಕಟ್ಟಿಕೊಳ್ಳಬಾರದು. ಮೇಲಿನ ಮಹಡಿ ತುಂಬಿದಾಗ ಕಾವಲುಗಾರ ಕೆಳಗೆ ಜನರನ್ನು ತಡೆಯುವ ಅಧಿಕಾರ ಅವನಿಗಿದೆ ಎಂಬುದನ್ನು ಎಲ್ಲರ ಎದುರು ಹೇಳಿ, ಇಲ್ಲದಿದ್ದರೆ ವ್ಯಾಪಾರ ಹೋಗುತ್ತದೆಂದು ಸೇಲ್ಸ್‌ನವರೇ ಅವನಿಗೆ ರೇಗುತ್ತಾರೆ.

ನಮ್ಮ ಊರಿನ ಒಂದು ವಿಶೇಷವೆಂದರೆ ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳ ಜನ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಡುತ್ತಾರೆ. ನಾಲ್ಕು ಗಂಟೆಯ ನಂತರ ಅವರ ಕಣ್ಣು ಗಡಿಯಾರದ ಮೇಲೆಯೇ ಇರುತ್ತದೆ, ಅವರ ಬಿಲ್ಲುಗಳೂ ಹದಿನೈದು ಇಪ್ಪತ್ತು ಬಟ್ಟೆಗಳ ದೊಡ್ಡ ಬಿಲ್ಲುಗಳು. ಆದ್ದರಿಂದ ಆ ಹೊತ್ತಿನಲ್ಲಿ ಒಂದು ಕೌಂಟರನ್ನು ದೊಡ್ಡ ಬಿಲ್ಲಿಗೆಂದೇ ಇಡುತ್ತೇವೆ, ಉಳಿದ ಎರಡಕ್ಕೆ ಒಂದೇ ಸಾಲು.

ಮಾತಿನ ವಿಷಯಕ್ಕೆ ಬಂದರೆ, "ಸೌಜನ್ಯದಿಂದ ಇರಿ" ಎಂದು ಹೇಳುವುದಕ್ಕಿಂತ ಹೇಳಬೇಕಾದ ಮಾತನ್ನೇ ಬಾಯಿಗೆ ಕೊಡುವುದು ಮೇಲು. ಬಾಗಿಲಲ್ಲಿ ತಡೆಯುವಾಗ "ನಿಲ್ರಿ, ನಿಲ್ರಿ" ಎನ್ನದೆ, "ಅಕ್ಕಾರೇ, ಮ್ಯಾಲೆ ಸ್ವಲ್ಪ ಜಾಗ ಆಗ್ಲಿ, ಐದು ನಿಮಿಷ ಇಲ್ಲೇ ಕುಂದ್ರಿ, ನಾನೇ ಕರೀತೀನಿ" ಎಂದರೆ ಯಾರೂ ಬೇಸರಿಸುವುದಿಲ್ಲ. ಆದರೆ ಕುರ್ಚಿ ಇರಬೇಕು, ಕರೆಯುವುದನ್ನೂ ಮರೆಯಬಾರದು. ಸಾಲು ಮುರಿದು ನುಗ್ಗಿದವರನ್ನು ಕೌಂಟರಿನಲ್ಲಿ ಕೂತವರು ಬೈಯಬಾರದು. ಸಾಲು ನೋಡಿಕೊಳ್ಳುವವನು ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಬೇಕು, ನಾಲ್ಕು ಜನರ ಮುಂದೆ ಕೂಗಿದರೆ ತಪ್ಪು ಮಾಡಿದವರೂ ಸೋಲಲು ಒಪ್ಪುವುದಿಲ್ಲ. ಪಂಚೆ ಉಟ್ಟು ಧೂಳಿನ ಚಪ್ಪಲಿಯಲ್ಲಿ ಬಂದವರಿಗೆ ಕಡಿಮೆ ಬೆಲೆಯದನ್ನೇ ತೆಗೆದು ತೋರಿಸುವ ಚಾಳಿ ನಮ್ಮ ಹಳೆಯ ಸೇಲ್ಸ್‌ನವರಲ್ಲೂ ಇದೆ, ಅದನ್ನು ಪ್ರತಿ ವರ್ಷ ಹೆಸರು ಹೇಳದೆ ನೆನಪಿಸುತ್ತೇನೆ.

ಯುಪಿಐ ಹಣ ಕಡಿತವಾಗಿದೆ, ನಮಗೆ ಬಂದಿಲ್ಲ ಎಂಬ ಪ್ರಸಂಗ ಸಂಜೆ ನೆಟ್‌ವರ್ಕ್ ಕೈಕೊಟ್ಟಾಗ ಇದ್ದೇ ಇರುತ್ತದೆ. ಅಂಥವರ ಬಟ್ಟೆಯನ್ನು ಚೀಟಿ ಸಮೇತ ಪಕ್ಕದ ಮೇಜಿಗೆ ಸರಿಸಿ, ಅವರನ್ನು ಅಲ್ಲಿ ಕೂರಿಸಿ, ಮುಂದಿನವರ ಬಿಲ್ ಶುರುಮಾಡಬೇಕು. "ಹಣ ಬಂದಿಲ್ಲ" ಎಂದು ದೊಡ್ಡ ದನಿಯಲ್ಲಿ ಹೇಳುವುದು ಗಿರಾಕಿಯ ಮೇಲೆ ಕಳ್ಳತನ ಹೊರಿಸಿದಂತೆ ಕೇಳಿಸುತ್ತದೆ. "ಮಿಷನ್ ಇನ್ನೂ ತೋರಿಸ್ತಿಲ್ಲ ಅಣ್ಣಾರೇ, ಒಂದ್ನಿಮಿಷ" ಎಂದರೆ ತಪ್ಪು ಮಿಷನ್ನಿನದಾಗುತ್ತದೆ.

ಬದಲಾವಣೆಯ ನಿಯಮವನ್ನೂ ಆ ದಿನವೇ ಹೇಳಿಬಿಡಿ, ಏಕೆಂದರೆ ಹಬ್ಬ ಮುಗಿದ ಮರುದಿನ ಬರುವ ಸಾಲು ಅದರದ್ದೇ. ಮೂರರಲ್ಲಿ ಒಂದನ್ನು ಮರಳಿಸಿದರೆ ಆಫರ್ ಮುರಿಯುತ್ತದೆ, ಆದ್ದರಿಂದ ನಾವು ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಬೇರೆ ಬಟ್ಟೆ ಕೊಡುತ್ತೇವೆ, ನಗದು ಕೊಡುವುದಿಲ್ಲ, ಇದು ಬಿಲ್ಲಿನ ಮೇಲೂ ಇದೆ. ಹರಿದದ್ದು, ನೇಯ್ಗೆಯಲ್ಲಿ ದೋಷವಿರುವುದು ಬಂದರೆ ಮಾತ್ರ ಈ ನಿಯಮ ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನದೊಳಗೆ, ಮರಳಿ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವೋ ಅಲ್ಲವೋ ಎಂದು ಸೇಲ್ಸ್‌ನವರು ವಾದಕ್ಕೆ ಇಳಿಯದೆ ನೇರವಾಗಿ ನನ್ನ ಬಳಿಗೆ ಕಳಿಸಬೇಕೆಂದು ಹೇಳಿ ಸಭೆ ಮುಗಿಸುತ್ತೇನೆ, ಆಮೇಲೆ ಊಟದ ಪಾಳಿಯ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತೇನೆ.